ಅಳತೆ ಕೇಳದ ಫಿಲ್ಟರ್

ಕಲ್ಕತ್ತೆಯಲ್ಲಿ ನನ್ನ ಥೀಸಿಸ್ ಒಂದು ಲೋಲಕದ ಮೇಲೆ. ನೋಯ್ಸ್, ಅಂದರೆ ಅಡ್ಡಾದಿಡ್ಡಿ ತಪ್ಪು, ತುಂಬಿದ ಕೋನದ ಅಳತೆಗಳಿಂದ ಅದರ ನಿಜವಾದ ಕೋನ, ವೇಗಗಳನ್ನು ಎಕ್ಸ್‌ಟೆಂಡೆಡ್ ಕಾಲ್ಮನ್ ಫಿಲ್ಟರ್ ಎಂಬ ಲೆಕ್ಕ ಅಂದಾಜಿಸಬೇಕಿತ್ತು.

ಗ್ರಾಫ್ ನೈಸಾಗಿ ಕಾಣಲೆಂದು, ಮಂಗಳೂರು ಕಡೆಯವರೇ ಆದ ನನ್ನ ಗೈಡ್, ಸಮೀಕರಣವೇ ತಪ್ಪಿರಬಹುದೆಂದು ನಾನು ಇಟ್ಟಿದ್ದ 'ಪ್ರೊಸೆಸ್ ನೋಯ್ಸ್' ಎಂಬ ಅಂಕಿಯನ್ನು ಸೊನ್ನೆ ಮಾಡಿಸಿದರು.

"ಸರ್, ಹಾಗಾದರೆ ಫಿಲ್ಟರ್ ತನ್ನನ್ನೇ ನಂಬಿಕೊಂಡು ಬರಬರುತ್ತ ಅಳತೆಯನ್ನೇ ಕೇಳುವುದಿಲ್ಲ."

"ನೀನು ಕಂಪ್ಯೂಟರಿಗೆ ಕಾರ್ಡ್ ಪಂಚ್ ಮಾಡು ಮಾರಾಯ್ತಿ. ಯೋಚನೆ ನಂಗೆ ಬಿಡು."

ವೈವಾದಲ್ಲಿ ಪರೀಕ್ಷಕರು ಗ್ರಾಫಿನ ಹಾಳೆ ಬಿಚ್ಚಿದರು. ಸಮೀಕರಣದಲ್ಲಿಲ್ಲದ ಘರ್ಷಣೆಯಿಂದ ಲೋಲಕ, ಪೂರ್ ಥಿಂಗ್, ನಿಂತೇ ಬಿಟ್ಟಿತ್ತು; ಫಿಲ್ಟರಿನ ಗೆರೆ ಮಾತ್ರ ತೂಗುತ್ತಲೇ ಇತ್ತು.

"ಈ ಸೊನ್ನೆ ಯಾರದು?"

"ಇವಳದೇ," ಎಂದು ಗೈಡ್ ಎಲ್ಲರಿಗಿಂತ ಜೋರಾಗಿ ನಕ್ಕರು. ಥೀಸಿಸ್ ರಿಜೆಕ್ಟ್ ಆಯಿತು.

ಕಾರಿಡಾರಿನಲ್ಲಿ ನನ್ನ ತಲೆ ಸವರಿ ಹೇಳಿದರು: "ಅಳ್ಬೇಡ. ನಿಂಗೆ ಹೇಗೂ ಮದುವೆ ಉಂಟು. ನಂಗೆ ಪ್ರೊಮೋಷನ್ ಬೇಕಲ್ಲ?"