ಮೂರು ಬಿಂದುಗಳ ನಡುವಿನ ಮರಳು

ಅವನನ್ನು ಕೆಲಸದ ಜಾಗದಲ್ಲಿ ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಲಾರಿಯ ಮೇಲೆ ಕೂರಿಸಿದ ಯಂತ್ರದಿಂದ ಉಕ್ಕಿನ ಮೊನೆಯೊಂದನ್ನು ನೆಲದೊಳಗೆ ನಿಧಾನವಾಗಿ ಒತ್ತುವುದು ಅವನ ಕೆಲಸ. ಮೊನೆಗೆ ಮರಳು ಎಷ್ಟು ಎದುರು ನಿಲ್ಲುತ್ತದೆ, ಅದರ ಬೆನ್ನಿಗಿರುವ, ತೋಳು ಎಂದು ಕರೆಯುವ ಉಕ್ಕಿನ ಕೊಳವೆಗೆ ಎಷ್ಟು ಉಜ್ಜುತ್ತದೆ ಎಂಬುದು ಲಾರಿಯೊಳಗಿನ ಪರದೆಯ ಮೇಲೆ ಗೆರೆಯಾಗಿ ಇಳಿಯುತ್ತಾ ಹೋಗುತ್ತದೆ. ಡಾಕ್ಟರು ಸೂಜಿ ಚುಚ್ಚಿ ರೋಗ ಹೇಳಿದ ಹಾಗೆ ಇವನು ನೆಲ ಗಟ್ಟಿಯೋ ಸಡಿಲವೋ ಹೇಳುತ್ತಾನೆ ಎಂದು ಯಾರೋ ತಮಾಷೆ ಮಾಡಿದ್ದರು. ಹೆಸರು ಅಂಟಿಕೊಂಡಿತು.

ಮೊದಲು ಅವನಿದ್ದದ್ದು ಗುಂಡಿನ ಕ್ರೇನಿನ ಹತ್ತಿರ. ಸಡಿಲ ಮರಳಿನ ಬಯಲಿನಲ್ಲಿ ಲಾರಿ ತೂಕದ ಉಕ್ಕಿನ ಗುಂಡನ್ನು ಐದಾರು ಮಹಡಿ ಎತ್ತರಕ್ಕೆ ಎತ್ತಿ ಬಿಡುವುದು, ಬಿದ್ದ ಜಾಗದಲ್ಲಿ ಆದ ಹಳ್ಳದ ಆಳ ಅಳೆಯುವುದು, ಅಲ್ಲೇ ಮತ್ತೆ ಮತ್ತೆ ಬಿಡುವುದು. ಹಳ್ಳ ಇನ್ನು ಹೆಚ್ಚು ಇಳಿಯುವುದಿಲ್ಲ ಎಂದಾಗ ಮುಂದಿನ ಗುರುತಿಗೆ ಹೋಗುವುದು. ಕೊನೆಗೆ ಹಳ್ಳಗಳನ್ನೆಲ್ಲ ತುಂಬಿ, ಕಡಿಮೆ ಎತ್ತರದಿಂದ ಒತ್ತೊತ್ತಾಗಿ ಗುಂಡು ಬೀಳಿಸಿ ಮೇಲ್ಪದರವನ್ನು ಇಸ್ತ್ರಿ ಹಾಕಿದಂತೆ ಮಾಡುವುದು. ಆ ಸದ್ದಿಗೆ ಅವನ ಎಡಗಿವಿ ಮಂದವಾಯಿತು. ಮನೆಯಲ್ಲಿ ಹೆಂಡತಿ ಏನಾದರೂ ಕೆಲಸ ಹೇಳಿದರೆ ಎಡಗಿವಿಯನ್ನೇ ಅವಳ ಕಡೆ ತಿರುಗಿಸುತ್ತಿದ್ದ. "ಕೆಲಸ ಅಂದ ಕೂಡ್ಲೆ ಆ ಕಿವಿ ಮುಂದಕ್ಕೆ ಬರುತ್ತೆ, ಊಟ ಅಂದ್ರೆ ಈ ಕಿವಿ," ಎಂದು ಅವಳು ನಗುತ್ತಿದ್ದಳು.

ಗುಂಡಿನ ಕೆಲಸ ಬಿಟ್ಟು ಪರೀಕ್ಷೆಯ ಲಾರಿಗೆ ಬಂದ ಮೇಲೆ ಅವನಿಗೆ ಒಂದು ಬಗೆಯ ಗೌರವ ಸಿಕ್ಕಿತು, ಒಂದು ಬಗೆಯ ಒಂಟಿತನವೂ ಸಿಕ್ಕಿತು. ನೆಲ ಗಟ್ಟಿ ಮಾಡುವವರ ಕೆಲಸಕ್ಕೆ ಅಂಕ ಕೊಡುವವನು ಇವನು. ಚಹಾ ಕುಡಿಯುವಾಗ ಎಲ್ಲರೂ ಅಣ್ಣಾ ಅನ್ನುತ್ತಾರೆ, ಪರದೆಯಲ್ಲಿ ಗೆರೆ ಎಡಕ್ಕೆ ಜಾರಿ ನೆಲ ಸಡಿಲವೆಂದು ತೋರಿಸಿದರೆ ಅದೇ ಬಾಯಲ್ಲಿ ಬೈಯುತ್ತಾರೆ.

ಸಮುದ್ರವನ್ನು ತುಂಬಿ ಮಾಡಿದ ನೆಲದ ಮೇಲೆ ಆಸ್ಪತ್ರೆ ಕಟ್ಟುವ ಕೆಲಸ ಬಂದಾಗ ಹೆಂಡತಿಯ ತಮ್ಮನೂ ಅಲ್ಲೇ ಇದ್ದ. ಅಲ್ಲಿನ ಮರಳು ಕಡಲ ತಳದಿಂದ ನೀರಿನೊಂದಿಗೆ ಪೈಪಿನಲ್ಲಿ ಬಂದು ಸುರಿದದ್ದು: ಬೂದು ಬಣ್ಣ, ಚಿಪ್ಪಿನ ಚೂರು ಬೆರೆತದ್ದು, ನೀರು ಕುಡಿದು ಸಡಿಲವಾಗಿ ಕೂತದ್ದು. ಹಾಗೇ ಬಿಟ್ಟರೆ ಭೂಮಿ ಒಮ್ಮೆ ಜೋರಾಗಿ ನಡುಗಿದ ದಿನ ಅದು ಗಂಜಿಯಂತಾಗಿ ಮೇಲಿದ್ದ ಕಟ್ಟಡ ವಾಲುತ್ತದೆ. ಪೂರ್ವದ ಕಡೆ ತುಂಬಿದ ಮರಳು ಹೆಚ್ಚು ಆಳವಿರಲಿಲ್ಲ, ಸುತ್ತ ಮನೆಗಳೂ ಇರಲಿಲ್ಲ. ಅಲ್ಲಿ ಗುಂಡು ಬೀಳಿಸಿದರು. ಪಶ್ಚಿಮದ ಕಡೆ ಆಳ ಹೆಚ್ಚು, ಗೋಡೆಯಾಚೆಗೆ ಮನೆಗಳ ಸಾಲು. ಅಲ್ಲಿ ಗುಂಡು ಬಿದ್ದರೆ ಗೋಡೆಗಳು ಬಿರುಕು ಬಿಡುತ್ತವೆ. ಹಾಗಾಗಿ ಅಲ್ಲಿ ವೈಬ್ರೋ, ಮರಳನ್ನು ಒಳಗಿನಿಂದಲೇ ನಡುಗಿಸಿ ಬಿಗಿ ಮಾಡುವ ಯಂತ್ರ.

ಆ ವೈಬ್ರೋ ತಂಡದ ಮೇಸ್ತ್ರಿಯೇ ಭಾಮೈದ. ಕ್ರೇನಿಗೆ ನೇತುಹಾಕಿದ ಉದ್ದನೆಯ ಕೊಳವೆ, ಅದರ ತುದಿಯೊಳಗೆ ಮೋಟಾರು, ಅದು ತಿರುಗಿಸುವ ಒಂದು ಪಕ್ಕಕ್ಕೆ ಭಾರವಾದ ತೂಕ. ನೀರು ಚಿಮ್ಮಿಸುತ್ತಾ, ನಡುಗುತ್ತಾ ಅದು ಮರಳಿನ ತಳದವರೆಗೆ ಇಳಿಯುತ್ತದೆ. ಆಮೇಲೆ ಸ್ವಲ್ಪ ಸ್ವಲ್ಪವೇ ಮೇಲೆತ್ತಬೇಕು. ಪ್ರತಿ ಹಂತದಲ್ಲೂ ನಿಲ್ಲಿಸಿ, ಸುತ್ತಲ ಮರಳು ಬಿಗಿಯಾಗುತ್ತಾ ಬಂದಂತೆ ಮೋಟಾರು ಎಳೆಯುವ ಕರೆಂಟು ಏರುವುದನ್ನು ನೋಡಬೇಕು. ಹೇಳಿದಷ್ಟು ಆಂಪ್ಸ್ ಬಂದ ಮೇಲೇ ಮುಂದಿನ ಹಂತ. ಮರಳು ಕುಗ್ಗಿ ಬಾಯಿ ಬಿಟ್ಟ ಜಾಗಕ್ಕೆ ಮೇಲಿನಿಂದ ಹೊಸ ಮರಳು ಸುರಿಯುತ್ತಿರಬೇಕು. ಅಲ್ಲಿ ಸುರಿದದ್ದು ಲಾರಿಯಲ್ಲಿ ತರಿಸಿದ ಹಳದಿ ದಪ್ಪ ಮರಳು. ಬಿಂದುಗಳನ್ನು ತ್ರಿಕೋನದ ಜಾಲದಂತೆ ಗುರುತಿಸಿದ್ದರು. ಬಿಂದುವಿನಲ್ಲಿ ನೆಲ ಎಲ್ಲಕ್ಕಿಂತ ಗಟ್ಟಿ. ಮೂರು ಬಿಂದುಗಳ ನಟ್ಟನಡುವೆ ಎಲ್ಲಕ್ಕಿಂತ ಸಡಿಲ. ಆದ್ದರಿಂದ ಪರೀಕ್ಷೆ ಮಾಡಬೇಕಾದದ್ದು ಆ ನಡುವಿನಲ್ಲಿ.

ಕೆಲಸ ಮುಗಿಯಿತು. ಸಡಿಲವಾಗಿ ಉಳಿಯುವ ಮೇಲ್ಪದರವನ್ನು ಸಮ ಮಾಡಿ ರೋಲರ್ ಓಡಿಸಿದರು. ಮರಳಿನೊಳಗಿನ ನೀರಿನ ಒತ್ತಡ ಇಳಿದು ಕಣಗಳು ಕೂರಲಿ ಎಂದು ಕೆಲವು ದಿನ ಬಿಟ್ಟು ಸೂಜಿ ಲಾರಿ ತಂದ. ಫಲಿತಾಂಶ ಎಲ್ಲ ಕಡೆಯೂ ಚೆನ್ನಾಗಿತ್ತು. ಮೂಲೆಯೊಂದರಲ್ಲಿ ಮಾತ್ರ ಅಂಚಿನಲ್ಲಿ ಪಾಸು.

"ನೋಡಿ ಭಾವ, ನನ್ನ ಕೈಗುಣ!" ಎಂದ ಭಾಮೈದ.

"ಕೈಗುಣ ಅಲ್ಲವೋ, ನಿನ್ನ ಅಕ್ಕನ ಕಾಟ. ಗಟ್ಟಿಯಾಗದೆ ಇದ್ರೆ ಮನೆಗೆ ಬಂದು ಬೈತಾಳೆ ಅಂತ ಮರಳಿಗೂ ಗೊತ್ತು."

ಇನ್ನು ಉಳಿದಿದ್ದುದು ಒಂದು ಕೊರೆತ. ಪ್ರತಿ ಕೆಲಸದಲ್ಲೂ ಮೊನೆಯ ಪರೀಕ್ಷೆಯ ಜೊತೆಗೆ ಒಂದು ಕಡೆ ಕೊರೆದು, ಸುತ್ತಿಗೆಯಿಂದ ಕೊಳವೆ ಬಡಿದಿಳಿಸಿ ಮರಳನ್ನೇ ಮೇಲೆ ತಂದು ನೋಡುವುದು ಅವರ ಪದ್ಧತಿ. ಕೊಳವೆಯನ್ನು ಸೀಳಿ ಬಿಚ್ಚಿದಾಗ ಸೂಜಿಯ ಕೈ ಅಲ್ಲೇ ನಿಂತಿತು. ಅಷ್ಟು ಆಳದಿಂದ ಬಂದ ಮರಳು ಹಳದಿಯಾಗಿತ್ತು. ದಪ್ಪ, ಸ್ವಚ್ಛ, ಒಂದು ಚಿಪ್ಪಿನ ಚೂರೂ ಇಲ್ಲ.

ಬಿಂದುಗಳ ನಡುವಿನಲ್ಲಿ ಬರಬೇಕಾದದ್ದು ಬೂದು ಮರಳು. ಹಳದಿ ಬಂತೆಂದರೆ ಅವನು ನಿಂತಿರುವುದು ಬಿಂದುವಿನ ಮೇಲೆಯೇ.

ಹೇಗೆ ಹೀಗಾಯಿತು ಎಂದು ಯೋಚಿಸುತ್ತಾ ಅವನು ಗೋಡೆಯ ಬದಿಯ ಕಬ್ಬಿಣದ ಗೂಟದ ಹತ್ತಿರ ಹೋದ. ನೆಲ ಸಮ ಮಾಡುವಾಗ ಬುಲ್ಡೋಜರ್ ಹಲ್ಲಿಗೆ ಸಿಗದೆ ಉಳಿದದ್ದು ಅದೊಂದೇ. ಅದಕ್ಕೆ ಕೆಂಪು ಬಣ್ಣವಿತ್ತು. ಪರೀಕ್ಷೆಯ ಗುರುತು ಕೆಂಪು, ವೈಬ್ರೋ ಬಿಂದುವಿನ ಗುರುತು ನೀಲಿ. ಅದು ಎಲ್ಲರಿಗೂ ಗೊತ್ತಿದ್ದ ನಿಯಮ. ಕೆಂಪು ಕಂಡ ಕೂಡಲೇ ತನ್ನದೇ ಗೂಟ ಎಂದುಕೊಂಡು, ಅಲ್ಲಿಂದ ಟೇಪು ಹಿಡಿದು ಉಳಿದ ಜಾಗಗಳನ್ನೆಲ್ಲ ಗುರುತಿಸಿದ್ದ. ಆದರೆ ಕೆಲಸದ ನಡುವೆ ನೀಲಿ ಬಣ್ಣ ಮುಗಿದಾಗ, ಬಿಂದುವಿನ ಗೂಟಗಳಿಗೆ ಬಳಿಯಲು ತನ್ನ ಕೆಂಪು ಬಣ್ಣದ ಡಬ್ಬಿಯನ್ನೇ ಭಾಮೈದನಿಗೆ ಕೊಟ್ಟಿದ್ದ. "ಮನೇಲೇ ಇದೆಯಲ್ಲ, ಅಂಗಡಿಗೆ ಯಾಕೆ ಹೋಗ್ತೀಯ" ಎಂದೂ ಹೇಳಿದ್ದ. ಒಂದು ಬಿಂದುವಿನಿಂದ ಹೊರಟು ಜಾಲದ ಅಂತರವನ್ನೇ ಅಳೆಯುತ್ತಾ ಹೋದರೆ ಸಿಗುವುದು ಇನ್ನೊಂದು ಬಿಂದುವೇ. ಪಶ್ಚಿಮದ ಒಂದೊಂದು ಪರೀಕ್ಷೆಯೂ ಗಟ್ಟಿ ಜಾಗದ ಮೇಲೇ ನಡೆದಿತ್ತು. ನಡುವಿನ ಮರಳನ್ನು ಯಾರೂ ನೋಡಿರಲಿಲ್ಲ.

ಭಾಮೈದ ಕ್ರೇನಿನ ತೋಳು ಬಿಚ್ಚಿಸುತ್ತಿದ್ದ. ಮುಂದಿನ ಊರಿಗೆ ಸಾಮಾನು ಹೊರಡುವುದರಲ್ಲಿತ್ತು. ಅಲ್ಲಿ ಅವನಿಗೆ ಎರಡು ಕ್ರೇನಿನ ಮೇಲ್ವಿಚಾರಣೆ ಸಿಗುವುದಿತ್ತು.

"ಬಿಚ್ಚಬೇಡ," ಎಂದ ಸೂಜಿ. ನಡೆದದ್ದನ್ನು ಹೇಳಿದ.

ಭಾಮೈದ ಸ್ಪಾನರ್ ಕೆಳಗಿಟ್ಟ. "ಗೂಟ ಯಾವುದು ಅಂತ ನೋಡದೆ ಅಳೆದಿದ್ದು ನೀವು. ಡಬ್ಬಿ ಕೊಟ್ಟಿದ್ದೂ ನೀವು."

"ಹೌದು. ನಾನೇ. ಮೇಡಂಗೂ ಹಾಗೇ ಹೇಳ್ತೀನಿ."

"ಹೇಳಿದ್ರೆ ಮತ್ತೆ ಟೆಸ್ಟ್ ಅಂತಾರೆ."

"ಅನ್ನಲಿ. ನಡುವೆಯೂ ಗಟ್ಟಿ ಇದ್ರೆ ನಿನಗೇನು ಭಯ?"

ಭಾಮೈದ ಸ್ಪಾನರನ್ನು ಮತ್ತೆ ಕೈಗೆತ್ತಿಕೊಂಡ. ಗೋಡೆಯ ಕಡೆ ನೋಡಿದ, ತನ್ನ ಬೂಟಿನ ಕಡೆ ನೋಡಿದ. "ಮರಳು ದಿನ ಕಳೆದಂಗೆ ತಾನೇ ಗಟ್ಟಿಯಾಗುತ್ತೆ, ನೀವೇ ಹೇಳಿದ್ರಿ. ಯಾಕೆ ಭಾವ ಸುಮ್ನೆ ಕೆದಕ್ತೀರ? ಪಾಸಾಗಿದೆ. ಎಲ್ಲರೂ ಸಹಿ ಹಾಕಿದಾರೆ."

"ಗಟ್ಟಿಯಾದ ಮರಳು ಇನ್ನೊಂಚೂರು ಗಟ್ಟಿಯಾಗುತ್ತೆ ಅಂದಿದ್ದೆ. ಆಗದೇ ಇದ್ದಿದ್ದು ಆಗಲ್ಲ, ಮಾರಾಯ."

ಮೇಡಂ ಎಂದರೆ ನೆಲದ ಕೆಲಸದ ಇಂಜಿನಿಯರು. ಕೇಳಿ ಆಕೆ ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಕಷ್ಟವಾಯಿತು. ಸರ್ವೆಯವರನ್ನು ಕರೆಸಿ ಮೂಲ ಕಂಬದಿಂದ ಜಾಲವನ್ನು ಹೊಸದಾಗಿ ಗುರುತು ಹಾಕಿಸಿದರು. "ನಾನೂ ಬಂದು ನೋಡಬೇಕಿತ್ತು. ನಿಮ್ಮನ್ನ ನಂಬಿ ಬಿಟ್ಟೆ," ಎಂದಷ್ಟೇ ಹೇಳಿದರು.

ಅಂದು ಮನೆಯಲ್ಲಿ ಹೆಂಡತಿ ತಟ್ಟೆಯನ್ನು ಜೋರಾಗಿಯೇ ಇಟ್ಟಳು. ತಮ್ಮ ಫೋನು ಮಾಡಿದ್ದ.

"ಅವನ ಹೊಟ್ಟೆ ಮೇಲೆ ಹೊಡೆಯೋಕೆ ನೀವೇ ಬೇಕಾಗಿತ್ತಾ? ಅಮ್ಮನಿಗೆ ನಾನು ಏನಂತ ಮುಖ ತೋರಿಸ್ಲಿ?"

"ತಪ್ಪು ನನ್ನದು ಅಂತಾನೇ ಹೇಳಿದೀನಿ."

"ನಿಮ್ಮ ತಪ್ಪಿಗೆ ಕ್ರೇನ್ ನಿಲ್ಲುತ್ತೆ ಅವನದು."

ಅವನು ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಕೇಳಿಸದವನಂತೆ ಎಡಗಿವಿ ತಿರುಗಿಸುವ ಆಟ ಆ ದಿನ ನೆನಪಿಗೂ ಬರಲಿಲ್ಲ.

ಮರುಪರೀಕ್ಷೆಯಲ್ಲಿ ಹೆಚ್ಚಿನ ಜಾಗಗಳು ನಡುವಿನಲ್ಲೂ ನಿಂತವು. ಗೆರೆ ಬಿಂದುವಿನಲ್ಲಿ ಇದ್ದಷ್ಟು ಬಲಕ್ಕೆ ಹೋಗಲಿಲ್ಲ, ಆದರೆ ಬೇಕಾದ ಮಟ್ಟಕ್ಕಿಂತ ಮೇಲೇ ಇತ್ತು. ಒಂದೊಂದು ಮುಗಿದಾಗಲೂ ಸೂಜಿಯ ಎದೆ ಸ್ವಲ್ಪ ಹಗುರವಾಗುತ್ತಿತ್ತು. ಕೊನೆಗೆ ಆ ಮೂಲೆಗೆ ಲಾರಿ ಬಂತು. ಮೇಡಂ ಪರದೆಯ ಪಕ್ಕ ನಿಂತಿದ್ದರು. ಭಾಮೈದ ಯಾರೂ ಕರೆಯದೆ ಬಂದು ಲಾರಿಯ ಮೆಟ್ಟಿಲ ಮೇಲೆ ನಿಂತ.

ಮೊನೆ ಇಳಿಯಿತು. ಮೇಲಿನ ಮರಳು ಚೆನ್ನಾಗಿತ್ತು. ಅರ್ಧ ಆಳ ದಾಟುತ್ತಿದ್ದಂತೆ ಮೊನೆಯ ಎದುರುಬಲದ ಗೆರೆ ಎಡಕ್ಕೆ ಕುಸಿಯಿತು. ಆ ಬಲಕ್ಕೆ ಹೋಲಿಸಿದರೆ ತೋಳಿನ ಉಜ್ಜುವಿಕೆ ಏರಿತು. ನೆಲದೊಳಗಿನ ನೀರಿನ ಒತ್ತಡ ತೋರಿಸುವ ಪಕ್ಕದ ಗೆರೆ ಜಿಗಿಯಿತು. ಅದು ಮರಳಲ್ಲ. ಪೈಪಿನಿಂದ ಮರಳು ಸುರಿಯುವಾಗ ಮೂಲೆಯಲ್ಲಿ ನೀರು ನಿಂತು, ಹಿಟ್ಟಿನಂಥ ನುಣುಪು ಮಣ್ಣು ಅಲ್ಲೇ ಕೂತಿರಬೇಕು. ಅಂಥ ಮಣ್ಣು ಎಷ್ಟು ನಡುಗಿಸಿದರೂ ನೀರನ್ನು ಬಿಟ್ಟುಕೊಡುವುದಿಲ್ಲ, ನೀರು ಬಿಡದೆ ಕಣಗಳು ಒತ್ತೊತ್ತಾಗುವುದಿಲ್ಲ. ಬಿಂದುವಿನೊಳಗೆ ಸುರಿದ ಹಳದಿ ಮರಳು ಅದನ್ನು ಮರೆಮಾಡಿತ್ತು, ಅಷ್ಟೇ.

"ಇಲ್ಲೇ," ಎಂದ ಭಾಮೈದ. "ಇಲ್ಲೇ ಆಂಪ್ಸ್ ಏರಲಿಲ್ಲ. ತುಂಬ ಹೊತ್ತು ಹಿಡಿದೆ. ಮತ್ತೆ ಇಳಿಸಿದೆ. ಏರಲೇ ಇಲ್ಲ. ಕೊನೆಗೆ ಎತ್ತಿಬಿಟ್ಟೆ."

ಮೇಡಂ ತಿರುಗಿದರು. "ಯಾಕೆ ಹೇಳಲಿಲ್ಲ?"

"ಟೆಸ್ಟಲ್ಲಿ ಗೊತ್ತಾಗುತ್ತೆ, ಆಗ ನೋಡಿಕೊಂಡ್ರಾಯ್ತು ಅಂದುಕೊಂಡೆ. ಟೆಸ್ಟು ಪಾಸಾಯ್ತು. ಹಾಗಾದ್ರೆ ನನ್ನ ಮೀಟರೇ ಸರಿ ಇಲ್ಲ ಅಂದುಕೊಂಡೆ." ಅವನು ಸೂಜಿಯ ಮುಖ ನೋಡಿದ. "ಭಾವ ಟೆಸ್ಟ್ ಮಾಡಿದಾರಲ್ಲ ಅಂತ."

ಸೂಜಿ ಯಂತ್ರ ನಿಲ್ಲಿಸಿದ. ಪರದೆಯನ್ನು ನೋಡುತ್ತಲೇ ಇದ್ದ, ನೋಡುವಂಥದ್ದು ಅಲ್ಲಿ ಇನ್ನೇನೂ ಇರಲಿಲ್ಲ.

ಆ ಮೂಲೆಗೆ ಜಲ್ಲಿ ಕಂಬ ಹಾಕುವುದೆಂದು ತೀರ್ಮಾನವಾಯಿತು: ಅದೇ ವೈಬ್ರೋ ಕೊಳವೆ ಇಳಿಸಿ, ಮರಳಿನ ಬದಲು ಜಲ್ಲಿ ತುಂಬಿಸುತ್ತಾ ಬಿಗಿಗೊಳಿಸುವುದು. ನುಣುಪು ಮಣ್ಣು ತಾನು ಗಟ್ಟಿಯಾಗದಿದ್ದರೂ ಜಲ್ಲಿ ಭಾರ ಹೊರುತ್ತದೆ, ನೀರಿಗೂ ಹೊರದಾರಿಯಾಗುತ್ತದೆ. ಕ್ರೇನ್ ಉಳಿಯಿತು. ಭಾಮೈದನ ಜಾಗಕ್ಕೆ ಬೇರೆ ಮೇಸ್ತ್ರಿ ಬಂದ. ಎರಡು ಕ್ರೇನಿನ ಕೆಲಸ ಬೇರೆಯವನ ಪಾಲಾಯಿತು. ಸೂಜಿಯ ಲಾರಿ ಅವನಿಗೇ ಉಳಿಯಿತು, ಆದರೆ ಇನ್ನು ಮುಂದೆ ಸರ್ವೆಯವರು ಗುರುತಿಸದ ಜಾಗದಲ್ಲಿ ಮೊನೆ ಇಳಿಸಕೂಡದೆಂಬ ಆಜ್ಞೆ ಬಂತು. ತನಗೆ ಲಾರಿ ಉಳಿದದ್ದೇ ಅವನನ್ನು ಹೆಚ್ಚು ಚುಚ್ಚಿತು.

ಹೆಂಡತಿ ಹಲವು ದಿನ ಬೇಕಾದಷ್ಟೇ ಮಾತಾಡಿದಳು. ಒಂದು ಸಂಜೆ ಬಟ್ಟೆ ಮಡಚುತ್ತಾ ತಾನಾಗಿಯೇ ಕೇಳಿದಳು:

"ಆ ಮೂಲೇಲಿ ಏನು ಬರುತ್ತೆ?"

"ಹೆರಿಗೆ ವಾರ್ಡು."

ಅವಳು ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚಿದಳು. ಸ್ವಲ್ಪ ಹೊತ್ತಿನ ಮೇಲೆ ತಮ್ಮನಿಗೆ ಫೋನು ಮಾಡಿದಳು. "ಭಾನುವಾರ ಊಟಕ್ಕೆ ಬಾ," ಎಂದಳು. ಆ ಕಡೆಯಿಂದ ಏನೋ ಉದ್ದನೆಯ ಮಾತು ಬಂತು. "ಇರ್ತಾರೆ ಕಣೋ, ಅವರ ಮನೆಯಲ್ವಾ ಇದು," ಎಂದಳು.

ಭಾನುವಾರ ಮೂರು ತಟ್ಟೆ ಇಟ್ಟಿದ್ದಳು. ತಮ್ಮ ಬರಲಿಲ್ಲ. ಸೂಜಿ ಬಹಳ ಹೊತ್ತು ಕಾದು, ತನ್ನ ಊಟ ಮುಗಿಸಿ, ಜಲ್ಲಿ ಕಂಬಗಳ ಪರೀಕ್ಷೆ ನಾಳೆ ಇದೆಯೆಂದು ಬೂಟಿನ ಮರಳು ಕೊಡವಲು ಹೊರಗೆ ಹೋದ.