ಕಿವಿ ದಾಟಿದ ಜಾಕೆಟ್

ಕೃಷ್ಣೆ ದಾಟಲು ನಿಂತಿದ್ದೆವು. ದೋಣಿಯವನು ನನ್ನ ಹೆಂಡತಿಯನ್ನು ಕೇಳಿದ: "ಅಕ್ಕಾರ, ಎದಿ ಸುತ್ತಳತಿ, ತೂಕ ಎಷ್ಟ್ರೀ? ಅದನ್ನ ನೋಡಿ ಲೈಫ್ ಜಾಕೆಟ್ ಕೊಡಬೇಕು."

"ಹೆಂಗಸರಿಗೆ ಕೇಳೋ ಮಾತೇನೋ ಇದು?" ಎಂದು ರೇಗಿ ನಾನೇ ಉತ್ತರಿಸಿದೆ: "ಎಪ್ಪತ್ತು ಕಿಲೋ. ದೊಡ್ಡದು ಕೊಡು."

ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ, "ಹೆಗಲ ಹತ್ರ ಹಿಡಿದು ಜಾಕೆಟ್ ಮ್ಯಾಲಕ್ಕ ಎತ್ತಿ ನೋಡ್ರಿ" ಎಂದ. ಎತ್ತಿದೆ. ಅದು ಅವಳ ಕಿವಿ ದಾಟಿ ಬಂತು.

"ನೀರಾಗೂ ಹಿಂಗ ಆಗ್ತೈತ್ರೀ."

"ಐವತ್ತೆರಡು ಕಿಲೋ," ಎಂದಳು ಅವಳು, ಜಾಕೆಟ್ಟಿನೊಳಗಿಂದಲೇ.

ದೋಣಿಯವನು ಟೇಪು ನನ್ನ ಕೈಗಿಟ್ಟ. ನಾನೇ ಅಳೆದೆ. ಚಿಕ್ಕ ಜಾಕೆಟ್ ತೊಡಿಸಿ ಎತ್ತಿದರೆ ಕದಲಲಿಲ್ಲ. ಮಗ್ಗದಲ್ಲಿ ಒಂದು ಎಳೆ ತಪ್ಪಿದರೂ ಹಿಡಿಯುವವನು ನಾನು. ನಾನೇ ನೇಯ್ದ ಸೀರೆಯೊಳಗೆ ಅವಳು ಇಷ್ಟು ಕರಗಿದ್ದು ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.