ಖಾಲಿ ವ್ಯಾಲೆಟ್

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ. ಕೊಟ್ಟೂರಿನ ಬಸ್ ನಿಲ್ದಾಣದೆದುರು ಹಣ ಕಳಿಸುವ ಅಂಗಡಿ ಇಟ್ಟಿದ್ದೆ. ಜನ ಬೆರಳೊತ್ತಿ ಖಾತೆಯಿಂದ ನಗದು ಪಡೆದರೆ ಅಷ್ಟು ಹಣ ನನ್ನ ಮೊಬೈಲಿನ ಆ್ಯಪ್ ಖಾತೆಗೆ, ಅಂದರೆ ವ್ಯಾಲೆಟ್ಟಿಗೆ, ಬರುತ್ತಿತ್ತು. ನಗದು ಕೊಟ್ಟು ಊರಾಚೆ ಕಳಿಸಿದರೆ ಅದರಿಂದ ಹೋಗುತ್ತಿತ್ತು. ವ್ಯಾಲೆಟ್ ಖಾಲಿಯಾದರೆ ಕಳಿಸಲು ಬರುವುದಿಲ್ಲ.

ಅಂದು ಖಾಲಿಯಾಗಿತ್ತು. ಪೇರಲ ಮಾರುವವಳೊಬ್ಬಳು, ದಾವಣಗೆರೆ ಆಸ್ಪತ್ರೆಯಲ್ಲಿ ಅವ್ವನ ಜೊತೆಗಿದ್ದ ತಂಗಿಗೆ ಔಷಧಿಯ ದುಡ್ಡು ಕಳಿಸಲು ಬಂದಳು. ಪಕ್ಕದ ಇಂಥದೇ ಅಂಗಡಿಗೆ ಹೋದಾಳೆಂದು ನಗದು ಇಸಿದುಕೊಂಡು, "ಹೋತು ನೋಡವ್ವಾ, ರೊಕ್ಕ" ಎಂದೆ. ಯಾರಾದರೂ ಹಣ ತೆಗೆಯಲು ಬಂದರೆ ಕಳಿಸಿದರಾಯಿತು ಎಂದುಕೊಂಡಿದ್ದೆ. ಯಾರೂ ಬರಲಿಲ್ಲ.

ಸಂಜೆ ಅವಳೇ ಬಂದಳು. "ಅಣ್ಣಾ, ತಂಗಿ ಫೋನಿಗೆ ಮೆಸೇಜ್ ಬಂದಿಲ್ಲಂತ್ರಿ. ಔಷಧಿ ಅಂಗಡಿ ಮುಂದ ನಿಂತಾಳ."

"ಬಟನ್ ಫೋನಿನ ಡಬ್ಬಿ ಇಟಗಂಡು ನನ್ನ ಕೇಳ್ತಿಯೇನು? ಸರ್ವರ್ ನಮ್ಮಪ್ಪಂದಾ?"

ಬಸ್ಸಿಗೆ ಕಾಯುತ್ತ ನಿಂತವರು ನಕ್ಕರು. "ತಪ್ಪಾತು ಅಣ್ಣಾ, ನನಗ ತಿಳ್ಯಂಗಿಲ್ಲ" ಎಂದು ಎರಡು ಪೇರಲ ಇಟ್ಟು ಹೋದಳು. ನಾನು ತಿಂದೆ.

ಮರುದಿನ ಮೊದಲ ಗಿರಾಕಿ ಬೆರಳೊತ್ತಿದ ಮೇಲಷ್ಟೇ ಅವಳ ಹಣ ಹೋಯಿತು. ಔಷಧಿಯಿಲ್ಲದೆ ಅವ್ವ ರಾತ್ರಿಯೆಲ್ಲ ನರಳಿದಳೆಂದು ಅವಳೇ ಬಂದು ಹೇಳಿದಳು. ಅದನ್ನು ಕೇಳಿಯೂ ತಪ್ಪನ್ನು ಸರ್ವರ್ ಮೇಲೆಯೇ ಹಾಕಿದೆ. ನನ್ನ ಬಾಯಿಯ ಬಗ್ಗೆ ನನಗೇ ಹೇಸಿಗೆಯಾಗುತ್ತದೆ. ತಪ್ಪಾಯಿತೆಂದು ನಾನು ಎಂದೂ ಹೇಳಲಿಲ್ಲ, ನನ್ನನ್ನು ಅಣ್ಣ ಎಂದು ಕರೆದ ಆ ಪೇರಲ ಮಾರುವವಳಿಗೆ.